ವಿಷಯ: ಪಿಐ ಪಾಲಿಸಿ – ರೆಟ್ರೊಆಕ್ಟಿವ್ ಡೇಟ್ 2023 ಆಗಲ್ಲ, 1 ಏಪ್ರಿಲ್ 2016 ಬೇಕು

ಪ್ರಕಾಶ್ ಅವರೇ, ನಮಸ್ಕಾರ.

ನಿನ್ನೆ ನೀವು ಕಳಿಸಿದ ಪರಿಷ್ಕೃತ ಕೋಟ್ ನೋಡಿದೆ. ಪ್ರೀಮಿಯಂ 2.95 ಲಕ್ಷ, ಜಿಎಸ್‌ಟಿ ಬೇರೆ. ಈಗಿನ ಕಂಪನಿಯವರು ಕೇಳುತ್ತಿರುವುದು 4.10 ಲಕ್ಷ. ಹಾಗಾಗಿ ಬೆಲೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಶೆಡ್ಯೂಲ್‌ನ ಒಂದೇ ಸಾಲಿನ ಮೇಲೆ: ರೆಟ್ರೊಆಕ್ಟಿವ್ ಡೇಟ್ 24 ಏಪ್ರಿಲ್ 2023. ಮೊದಲ ಕೋಟ್‌ನಲ್ಲಿ ಪಾಲಿಸಿ ಶುರುವಾಗುವ ದಿನವನ್ನೇ ಹಾಕಿದ್ದರು, ಈಗ ಮೂರು ವರ್ಷ ಹಿಂದಕ್ಕೆ ಹೋಗಿದ್ದಾರೆ. ಅದು ಸಾಲದು. ನಮಗೆ 1 ಏಪ್ರಿಲ್ 2016 ಬೇಕು, ಅಂದರೆ ನಮ್ಮ ಮೊದಲ ಪಾಲಿಸಿ ಶುರುವಾದ ದಿನ. ಈಗಿನ ಪಾಲಿಸಿಯಲ್ಲೂ ಅದೇ ದಿನಾಂಕ ಇದೆ.

ಅಂಡರ್‌ರೈಟರ್ ಕೊಟ್ಟಿರುವ ಕಾರಣ ಎರಡು. ಎರಡಕ್ಕೂ ಉತ್ತರ ಬರೆದಿದ್ದೇನೆ, ಈ ಮೇಲ್ ಅನ್ನು ಹಾಗೇ ಅವರಿಗೆ ಫಾರ್ವರ್ಡ್ ಮಾಡಿ.

ಮೊದಲನೆಯದು, ‘ದಾವೆ ಹೂಡಲು ಇರುವ ಅವಧಿ ಮೂರೇ ವರ್ಷ, ಹಾಗಾಗಿ ಮೂರು ವರ್ಷದ ಹಿಂದಿನ ರಕ್ಷಣೆ ಸಾಕು’ ಅನ್ನುವ ಮಾತು. ಲಿಮಿಟೇಶನ್ ಕಾಯ್ದೆಯಲ್ಲಿ ಮೂರು ವರ್ಷ ಅಂತ ಇರುವುದು ನಿಜ. ಆದರೆ ಆ ಮೂರು ವರ್ಷ ನಾವು ಡ್ರಾಯಿಂಗ್‌ಗೆ ಸಹಿ ಹಾಕಿದ ದಿನದಿಂದಲೇ ಓಡುತ್ತದೆ ಅಂತ ಹೇಳಲಾಗದು, ಅಲ್ವಾ. ನಮ್ಮ ಬಹುತೇಕ ಅಗ್ರಿಮೆಂಟ್‌ಗಳಲ್ಲಿ ಇಂಡೆಮ್ನಿಟಿ ಷರತ್ತು ಇದೆ, ಅಲ್ಲಿ ಲೆಕ್ಕ ಶುರುವಾಗುವುದು ಬಿಲ್ಡರ್ ಕೈಯಿಂದ ದುಡ್ಡು ನಿಜವಾಗಿ ಹೋದ ಮೇಲೆ. ಜೊತೆಗೆ ರೇರಾ ಕಾಯ್ದೆಯ 14(3)ನೇ ಸೆಕ್ಷನ್ ಇದೆ: ಮನೆಯ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಸ್ಟ್ರಕ್ಚರಲ್ ದೋಷ ಕಂಡುಬಂದರೆ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಮಾಡಿಕೊಡಬೇಕು. ಸರಿಮಾಡಿದ ಮೇಲೆ ಅವರು ಬಿಲ್ ಹಿಡಿದುಕೊಂಡು ಬರುವುದು ಸ್ಟ್ರಕ್ಚರಲ್ ಕನ್ಸಲ್ಟೆಂಟ್ ಹತ್ತಿರವೇ.

ನಮ್ಮದೇ ಒಂದು ಕೆಲಸ ಹೇಳುತ್ತೇನೆ. ಕನಕಪುರ ರಸ್ತೆಯ ಕಡೆ 14 ಮಹಡಿಯ ಅಪಾರ್ಟ್‌ಮೆಂಟ್. ಪೋಡಿಯಂ ಸ್ಲ್ಯಾಬ್‌ನ ಡ್ರಾಯಿಂಗ್‌ನಲ್ಲಿ ‘R3, ಆಗಸ್ಟ್ 2018’ ಅಂತ ಇದೆ, ಕೆಳಗೆ ನನ್ನ ಸಹಿ. ಸ್ವಾಧೀನ ಕೊಟ್ಟಿದ್ದು 2021ರ ನವೆಂಬರ್‌ನಲ್ಲಿ. ಐದು ವರ್ಷ ಮುಗಿಯುವುದು 2026ರ ನವೆಂಬರ್‌ಗೆ, ಅಂದರೆ ನೀವು ಈಗ ಕೊಡಲು ಹೊರಟಿರುವ ಪಾಲಿಸಿಯ ಅವಧಿಯಲ್ಲೇ. ಅಲ್ಲಿ ಇವತ್ತಿನವರೆಗೆ ಯಾವ ದೂರೂ ಇಲ್ಲ. ಆದರೆ ಅಕ್ಟೋಬರ್‌ನಲ್ಲಿ ಒಂದು ನೋಟಿಸ್ ಬಂತು ಅಂತ ಇಟ್ಟುಕೊಳ್ಳಿ. ಕ್ಲೇಮ್ ಬಂದಾಗ ಪಾಲಿಸಿ ಚಾಲ್ತಿಯಲ್ಲಿದೆ, ಪ್ರೀಮಿಯಂ ಕಟ್ಟಿದೆ, ಆದರೂ ತಪ್ಪು ನಡೆದಿದ್ದು 2018ರಲ್ಲಿ ಅಂತ ಹೇಳಿ ಕ್ಲೇಮ್ ವಾಪಸ್ ಕಳಿಸುತ್ತಾರೆ. ಅಂಥ ಪಾಲಿಸಿಗೆ 2.95 ಲಕ್ಷ ಯಾಕೆ ಕೊಡಬೇಕು?

ಇನ್ನೊಂದು ವಿಷಯ ಅವರ ವರ್ಡಿಂಗ್‌ನಲ್ಲೇ ಇದೆ. ಒಂದಕ್ಕೊಂದು ಸಂಬಂಧಪಟ್ಟ ತಪ್ಪುಗಳೆಲ್ಲ ಮೊದಲ ತಪ್ಪು ನಡೆದ ದಿನವೇ ನಡೆದವು ಅಂತ ಪರಿಗಣಿಸುತ್ತಾರೆ. ಹಾಗಾದರೆ ನಾವು 2024ರಲ್ಲಿ ಅದೇ ಕಟ್ಟಡಕ್ಕೆ ಒಂದು ಸಣ್ಣ ತಿದ್ದುಪಡಿ ಡ್ರಾಯಿಂಗ್ ಕೊಟ್ಟಿದ್ದರೂ ಅದನ್ನು 2018ಕ್ಕೆ ಎಳೆದುಕೊಂಡು ಹೋಗಬಹುದು. ಹಾಗಾಗಿ 2023ರ ದಿನಾಂಕ ಒಪ್ಪಿಕೊಂಡರೆ ನಾವು ಕಳೆದುಕೊಳ್ಳುವುದು ಹಳೆಯ ಕೆಲಸದ ರಕ್ಷಣೆ ಮಾತ್ರ ಅಲ್ಲ, ಹಳೆಯ ಪ್ರಾಜೆಕ್ಟ್‌ಗಳಲ್ಲಿ ಈಚೆಗೆ ಮಾಡಿದ ಕೆಲಸದ ರಕ್ಷಣೆಯೂ ಹೋಗುತ್ತದೆ. ಇದು ನನಗೆ ತುಂಬಾ ಚಿಂತೆಯ ವಿಷಯ, ಅವರಿಗೆ ಬಿಡಿಸಿ ಹೇಳಿ.

ಎರಡನೆಯ ಕಾರಣ, 2020ರ ಗ್ಯಾಪ್. ಆ ವರ್ಷ ಪಾಲಿಸಿ ಮಾರ್ಚ್ 31ಕ್ಕೆ ಮುಗಿಯಿತು, ಲಾಕ್‌ಡೌನ್ ಮಧ್ಯೆ ರಿನ್ಯೂವಲ್ ಆಗಿದ್ದು ಏಪ್ರಿಲ್ 24ಕ್ಕೆ. ಪ್ರೀಮಿಯಂ ಕೈಸೇರದೆ ರಿಸ್ಕ್ ಶುರುವಾಗಲ್ಲ, 64VB ನಿಯಮ, ಅದರ ಬಗ್ಗೆ ವಾದವಿಲ್ಲ. ಆ 23 ದಿನದಲ್ಲಿ ಕ್ಲೇಮ್ ಬಂದಿದ್ದರೆ ನಮಗೆ ರಕ್ಷಣೆ ಇರುತ್ತಿರಲಿಲ್ಲ. ಬರಲಿಲ್ಲ. ಗ್ಯಾಪ್‌ನ ಪರಿಣಾಮ ಅಲ್ಲಿಗೆ ಮುಗಿಯಿತು. ಆಗಿನ ಕಂಪನಿಯವರೇ ಗ್ಯಾಪ್ ಗೊತ್ತಿದ್ದೂ ಹೊಸ ಶೆಡ್ಯೂಲ್‌ನಲ್ಲಿ 1 ಏಪ್ರಿಲ್ 2016 ಅಂತಲೇ ಉಳಿಸಿದರು, ಆಮೇಲೆ ಪ್ರತಿವರ್ಷವೂ ಹಾಗೇ ಬಂದಿದೆ. ಎಲ್ಲ ಶೆಡ್ಯೂಲ್‌ಗಳನ್ನೂ ಲಗತ್ತಿಸಿದ್ದೇನೆ. ಅಷ್ಟಕ್ಕೂ ಗ್ಯಾಪ್ ಆಗಿದ್ದು 2020ರಲ್ಲಿ, ಇವರು ಕೊಟ್ಟಿರುವ ದಿನಾಂಕ 2023. ಗ್ಯಾಪ್‌ಗೂ ಆ ದಿನಾಂಕಕ್ಕೂ ತಾಳಮೇಳವೇ ಇಲ್ಲ.

ಸುಮ್ನೆ ಹಟ ಹಿಡಿದು ಕೂರುವ ಉದ್ದೇಶ ನನಗಿಲ್ಲ. ನಮ್ಮ ಕಡೆಯಿಂದ ಇಷ್ಟು ಬಿಡಬಹುದು.

2022ರ ರಿನ್ಯೂವಲ್‌ವರೆಗೆ ನಮ್ಮ ಲಿಮಿಟ್ 2 ಕೋಟಿ ಇತ್ತು, ಆಗ 5 ಕೋಟಿಗೆ ಏರಿಸಿದೆವು. ಹಾಗಾಗಿ ಮೊದಲ 2 ಕೋಟಿಗೆ 1 ಏಪ್ರಿಲ್ 2016 ಹಾಕಲಿ, ಮೇಲಿನ 3 ಕೋಟಿಗೆ 24 ಏಪ್ರಿಲ್ 2022 ಹಾಕಲಿ. ಹಳೆಯ ಕೆಲಸಕ್ಕೆ ಹೊಸ ದೊಡ್ಡ ಲಿಮಿಟ್ ಸಿಗುತ್ತದೆ ಅನ್ನುವುದು ಅವರ ಭಯವಾದರೆ ಅದು ಇಲ್ಲಿಗೆ ಪರಿಹಾರ. ಏಪ್ರಿಲ್ 2020ರ ಆ 23 ದಿನಗಳಲ್ಲಿ ಬಂದ ಅಥವಾ ಗೊತ್ತಾದ ಕ್ಲೇಮ್‌ಗಳನ್ನು ಹೊರಗಿಡುವ ಎಂಡಾರ್ಸ್‌ಮೆಂಟ್‌ಗೂ ಒಪ್ಪುತ್ತೇವೆ. ನೋ ನೋನ್ ಕ್ಲೇಮ್ಸ್ ಪತ್ರಕ್ಕೆ ನಾನು, ನನ್ನ ಪಾರ್ಟ್ನರ್ ಇಬ್ಬರೂ ಸಹಿ ಹಾಕುತ್ತೇವೆ. ಹೆಚ್ಚುವರಿ ಪ್ರೀಮಿಯಂ ಬೇಕೇ ಬೇಕು ಅಂದರೆ 40,000ದವರೆಗೆ ಸರಿ. ಅದರ ಬದಲು ಎಕ್ಸೆಸ್ ಅನ್ನು 1 ಲಕ್ಷದಿಂದ 2 ಲಕ್ಷಕ್ಕೆ ಏರಿಸಿದರೂ ಆದೀತು. ಎರಡೂ ಬೇಕು ಅಂದರೆ ಮಾತ್ರ ಆಗಲ್ಲ.

ಒಂದು ವಿಷಯ ಮೊದಲೇ ತಿಳಿಸಿಬಿಡುತ್ತೇನೆ. ಫೆಬ್ರವರಿಯಲ್ಲಿ ಬೇರೊಂದು ಪ್ರಾಜೆಕ್ಟ್‌ನ ನಿವಾಸಿಗಳ ಸಂಘದಿಂದ ಬೇಸ್‌ಮೆಂಟ್ ಗೋಡೆಯಲ್ಲಿ ನೀರು ಜಿನುಗುತ್ತಿದೆ ಅಂತ ಪತ್ರ ಬಂದಿದೆ. ಹಣ ಕೇಳಿಲ್ಲ. ಆದರೂ ಈಗಿನ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿ ಪಡೆದಿದ್ದೇವೆ. ಅದು ಮುಂದೆ ಕ್ಲೇಮ್ ಆದರೆ ಈಗಿನ ಪಾಲಿಸಿಯೇ ನೋಡಿಕೊಳ್ಳಬೇಕು. ಹೊಸ ಪಾಲಿಸಿಯಿಂದ ಆ ಒಂದು ಪ್ರಾಜೆಕ್ಟ್‌ನ ಆ ಒಂದು ದೂರನ್ನು ಹೆಸರು ಹಾಕಿ ಹೊರಗಿಡಲಿ. ಆ ನೆಪದಲ್ಲಿ ‘ಎಲ್ಲ ಬೇಸ್‌ಮೆಂಟ್ ಕೆಲಸ’ ಅಂತ ಬರೆದರೆ ಒಪ್ಪಲ್ಲ.

2021ರಲ್ಲಿ ನಿವೃತ್ತರಾದ ನಮ್ಮ ಹಿರಿಯ ಪಾರ್ಟ್ನರ್ ವಿಷಯವೂ ಮರೆಯಬೇಡಿ. 2016ರಿಂದ 2021ರವರೆಗಿನ ಎಷ್ಟೋ ಡ್ರಾಯಿಂಗ್‌ಗಳ ಮೇಲೆ ಅವರ ಸಹಿ ಇದೆ. ಅವರಿಗೀಗ 71 ವರ್ಷ, ಅವರ ಮನೆಗೆ ನೋಟಿಸ್ ಹೋದಾಗ ‘ನೀವು ನಮ್ಮ ಪಾಲಿಸಿಯಲ್ಲಿ ಇಲ್ಲ ಸರ್’ ಅಂತ ಹೇಳುವ ಸ್ಥಿತಿ ಬರಬಾರದು. ‘ಇನ್ಶೂರ್ಡ್’ ಅನ್ನುವ ವ್ಯಾಖ್ಯೆಯಲ್ಲಿ ಮಾಜಿ ಪಾರ್ಟ್ನರ್‌ಗಳು ಇರಲೇಬೇಕು.

ದಿನಾಂಕ ಶೆಡ್ಯೂಲ್‌ನಲ್ಲೇ ಅಚ್ಚಾಗಬೇಕು. ‘ಕ್ಲೇಮ್ ಬಂದಾಗ ನೋಡಿಕೊಳ್ಳೋಣ, ಹಿಂದಿನ ಪಾಲಿಸಿಗಳ ಪ್ರತಿ ನಮ್ಮ ಹತ್ತಿರ ಇದೆಯಲ್ಲ’ ಅನ್ನುವ ಮೇಲ್ ನನಗೆ ಬೇಡ. ನಮ್ಮ ಎರಡು ದೊಡ್ಡ ಕ್ಲೈಂಟ್‌ಗಳ ಅಗ್ರಿಮೆಂಟ್‌ನಲ್ಲಿ ಕೆಲಸ ಮುಗಿದು ಐದು ವರ್ಷ ಪಿಐ ಇರಬೇಕು ಅಂತ ಷರತ್ತಿದೆ. ಅವರು ಪ್ರತಿವರ್ಷ ಶೆಡ್ಯೂಲ್ ತರಿಸಿಕೊಂಡು ಮೊದಲು ನೋಡುವುದೇ ಆ ದಿನಾಂಕ.

ಈಗಿನ ಪಾಲಿಸಿ ಏಪ್ರಿಲ್ 23ರ ಮಧ್ಯರಾತ್ರಿಗೆ ಮುಗಿಯುತ್ತದೆ. 17ನೇ ತಾರೀಖು ಶುಕ್ರವಾರ ಸಂಜೆಯೊಳಗೆ ಬರವಣಿಗೆಯಲ್ಲಿ ಉತ್ತರ ಬೇಕು. 2016 ಸಿಕ್ಕರೆ ಅವತ್ತೇ ಪ್ರೀಮಿಯಂ ಟ್ರಾನ್ಸ್‌ಫರ್ ಮಾಡುತ್ತೇನೆ. ಸಿಗದಿದ್ದರೆ ಸೋಮವಾರ ಹಳೆಯ ಕಂಪನಿಗೆ 4.10 ಲಕ್ಷ ಕಟ್ಟಿ ಅಲ್ಲೇ ಮುಂದುವರಿಯುತ್ತೇವೆ, 1.15 ಲಕ್ಷ ಜಾಸ್ತಿಯಾದರೂ ಪರವಾಗಿಲ್ಲ. ಅಂಡರ್‌ರೈಟರ್ ನನ್ನ ಜೊತೆ ನೇರವಾಗಿ ಮಾತಾಡಬೇಕು ಅಂದರೆ ಬುಧವಾರ ಮಧ್ಯಾಹ್ನ 3ರ ಮೇಲೆ ಆಫೀಸಿನಲ್ಲೇ ಇರುತ್ತೇನೆ, ಕಾಲ್ ಹಾಕಿಸಿ.

ವಿಶ್ವಾಸದಿಂದ,
ಸುಧಾ
ಮ್ಯಾನೇಜಿಂಗ್ ಪಾರ್ಟ್ನರ್

ಲಗತ್ತು: 2016ರಿಂದ ಈವರೆಗಿನ ಶೆಡ್ಯೂಲ್‌ಗಳು, ಫೆಬ್ರವರಿ ಪತ್ರ ಮತ್ತು ಸ್ವೀಕೃತಿ, ನೋ ನೋನ್ ಕ್ಲೇಮ್ಸ್ ಪತ್ರದ ಕರಡು