“ಇಲ್ಲಿಗೆ ಲ್ಯಾಪ್‌ಟಾಪ್ ಕೊಡಲೇಬೇಡಿ” ಎಂಬ ವಿಮರ್ಶೆಗೆ ದುರಸ್ತಿ ಕೇಂದ್ರದ ಮಾಲೀಕರ ಉತ್ತರ

ನಮಸ್ಕಾರ. ನಿಮ್ಮ ವಿಮರ್ಶೆಯನ್ನು ಓದಿದೊಡನೆ ಉತ್ತರಿಸಲಿಲ್ಲ. ಜಾಬ್ ಕಾರ್ಡನ್ನು ತೆಗೆಸಿ ನೋಡಿ, ಕೆಲಸ ಮಾಡಿದ ತಂತ್ರಜ್ಞರನ್ನೂ ಫೋನಿನಲ್ಲಿ ನಿಮ್ಮೊಡನೆ ಮಾತನಾಡಿದವರನ್ನೂ ವಿಚಾರಿಸಿದ ಬಳಿಕ ಇದನ್ನು ಬರೆಯುತ್ತಿದ್ದೇನೆ.

3 ದಿನದಲ್ಲಿ ಕೊಡುತ್ತೇವೆಂದು ಹೇಳಿ 11 ದಿನ ಕಾಯಿಸಿದ್ದು ನಿಜ. ಕೆಟ್ಟ ಡಿಸ್ಕ್‌ನಿಂದ ಕಡತಗಳನ್ನು ನಕಲು ಮಾಡಲು ಅಷ್ಟು ಸಮಯ ಹಿಡಿಯಿತಾದರೂ, ಆ ವಿಷಯವನ್ನು ನಾವಾಗಿಯೇ ತಿಳಿಸದೆ, ನೀವೇ ನಾಲ್ಕು ಬಾರಿ ಕರೆ ಮಾಡುವಂತೆ ಮಾಡಿದೆವು. ಕೊನೆಯ ಕರೆಯಲ್ಲಿ ನಮ್ಮವರು “ಆದಾಗ ಹೇಳುತ್ತೇವೆ” ಎಂದು ಫೋನ್ ಇಟ್ಟದ್ದಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ಕ್ಷಮೆ ಕೇಳುತ್ತೇನೆ.

ಫೋಟೋಗಳನ್ನು ನಾವು ಅಳಿಸಿದೆವು ಎಂದು ಬರೆದಿದ್ದೀರಿ. ವರ್ಷಗಟ್ಟಲೆಯ ಚಿತ್ರಗಳು ಕಾಣದಾದಾಗ ಹಾಗೆನ್ನಿಸುವುದು ಸಹಜ. ಆದರೆ ನಿಮ್ಮ ಹಾರ್ಡ್ ಡಿಸ್ಕ್ ನಮ್ಮ ಕೈಗೆ ಬಂದ ದಿನವೇ ಟಕ್ ಟಕ್ ಸದ್ದು ಮಾಡುತ್ತಿತ್ತು. ಇದು ಸಾಮಾನ್ಯವಾಗಿ ಒಳಗೆ ಮಾಹಿತಿಯನ್ನು ಓದುವ ಹೆಡ್ ಕೆಡುತ್ತಿರುವ ಲಕ್ಷಣವಾಗಿದ್ದು, ಅಂಥ ಡಿಸ್ಕನ್ನು ಓಡಿಸಿದಷ್ಟೂ ಹಾನಿ ಹೆಚ್ಚುವ ಅಪಾಯವಿರುವುದರಿಂದ, ಓದಲು ಸಿಕ್ಕಷ್ಟನ್ನು ಹೊಸ ಡಿಸ್ಕ್‌ಗೆ ನಕಲು ಮಾಡಿ ನಿಲ್ಲಿಸಿದೆವು. ಹಳೆಯದನ್ನು ಫಾರ್ಮ್ಯಾಟ್ ಮಾಡಿಲ್ಲ. ಅದು ಮೊಹರು ಹಾಕಿದ ಕವರಿನಲ್ಲಿ ನಮ್ಮಲ್ಲೇ ಇದೆ. ಸದ್ದಿನ ವಿಷಯ ಜಾಬ್ ಕಾರ್ಡಿನಲ್ಲಿ ದಾಖಲಾಗಿದೆ ನಿಜ, ಆದರೆ ನಿಮಗೆ ಬಾಯಿಬಿಟ್ಟು ಹೇಳದೆ ಕಾರ್ಡಿನಲ್ಲಿ ಬರೆದುಕೊಂಡದ್ದು ನಮ್ಮ ರಕ್ಷಣೆಗಾಯಿತೇ ಹೊರತು ನಿಮ್ಮ ಉಪಯೋಗಕ್ಕಲ್ಲ.

ಧೂಳುರಹಿತ ಕೊಠಡಿಯಲ್ಲಿ ಡಿಸ್ಕನ್ನು ಬಿಚ್ಚಿ ಕೆಲಸ ಮಾಡುವ ಡೇಟಾ ರಿಕವರಿ ಪ್ರಯೋಗಾಲಯಕ್ಕೆ ಅದನ್ನು ಕಳುಹಿಸಿ ಪರೀಕ್ಷಿಸಲು ನೀವು ಒಪ್ಪಿದರೆ, ಆ ಪರೀಕ್ಷೆಯ ಶುಲ್ಕವನ್ನು ನಾವು ಭರಿಸುತ್ತೇವೆ. ಎಲ್ಲ ಚಿತ್ರಗಳೂ ಸಿಗುತ್ತವೆಂದು ಮಾತು ಕೊಡಲಾರೆ. ಡಿಸ್ಕನ್ನು ಮರಳಿ ಪಡೆಯುವುದಾದರೆ ದಯವಿಟ್ಟು ಮನೆಯಲ್ಲಿ ರಿಕವರಿ ಸಾಫ್ಟ್‌ವೇರ್ ಓಡಿಸಬೇಡಿ.

ಹಳೆಯ ಬಿಡಿಭಾಗ ಹಾಕಿ ಹೊಸದರ ಹಣ ಪಡೆದೆವೆಂಬ ಮಾತನ್ನು ಮಾತ್ರ ಒಪ್ಪಲಾರೆ. ಬಿಲ್ಲಿನಲ್ಲಿರುವ ಕ್ರಮಸಂಖ್ಯೆಯೂ ಹೊಸ ಡಿಸ್ಕ್ ಮೇಲಿನ ಚೀಟಿಯಲ್ಲಿರುವುದೂ ಒಂದೇ. ಬೇಕಿದ್ದರೆ ನಿಮ್ಮೆದುರೇ ಲ್ಯಾಪ್‌ಟಾಪ್ ಬಿಚ್ಚಿ ತೋರಿಸುತ್ತೇವೆ, ತಯಾರಕರಲ್ಲಿಯೂ ನೀವು ವಿಚಾರಿಸಬಹುದು.

ಇದನ್ನು ಓದುತ್ತಿರುವ ಇತರರಿಗೂ ತಿಳಿದಿರಲಿ: ಈ ವಾರದಿಂದ ಡಿಸ್ಕ್‌ಗೆ ಕೈಹಾಕುವ ಮುನ್ನ ಅದರ ಸ್ಥಿತಿಯನ್ನೂ ಕಡತಗಳಿಗಿರುವ ಅಪಾಯವನ್ನೂ ಗ್ರಾಹಕರಿಗೆ ವಿವರಿಸಿ, ಅವರ ಲಿಖಿತ ಒಪ್ಪಿಗೆ ಪಡೆಯುತ್ತಿದ್ದೇವೆ. ಹೇಳಿದ ದಿನಕ್ಕೆ ಕೆಲಸ ಮುಗಿಯದಿದ್ದರೆ ಅಂದೇ ನಾವೇ ಕರೆ ಮಾಡುತ್ತೇವೆ.

ವಿಮರ್ಶೆಯನ್ನು ತೆಗೆಯಿರೆಂದು ಕೇಳುತ್ತಿಲ್ಲ. ನಿಮ್ಮ ಫೋನ್ ಸಂಖ್ಯೆಯನ್ನು ಇಲ್ಲಿ ಬರೆಯದೆ, ಬಿಲ್ಲಿನಲ್ಲಿರುವ ನಮ್ಮ ಸಂಖ್ಯೆಗೆ ಕರೆ ಮಾಡಿ ಮಾಲೀಕರು ಬೇಕೆಂದು ಹೇಳಿ. ಡಿಸ್ಕನ್ನು ಏನು ಮಾಡಬೇಕೆಂದು ನೀವು ತಿಳಿಸುವವರೆಗೆ ಆ ಕವರನ್ನು ತೆರೆಯುವುದಿಲ್ಲ.

ಇಂತಿ,
ದುರಸ್ತಿ ಕೇಂದ್ರದ ಮಾಲೀಕ