ಗಣಿತ ಪತ್ರಿಕೆಯನ್ನು ನಾಲ್ಕನೆಯ ಬಾರಿ ಬರೆಯಲಿರುವವಳಿಗೆ ಕೆಲವು ನುಡಿಗಳು

ಮೂರನೆಯ ಫಲಿತಾಂಶ ಬಂದ ದಿನ ನೀನು ಅಂಕಪಟ್ಟಿಯನ್ನು ಮಡಿಸಿ ನನ್ನ ಕೈಗಿತ್ತು, ಒಂದು ಮಾತನ್ನೂ ಆಡದೆ ನಿಂತಿದ್ದೆ. ಅಂದು ನನ್ನಲ್ಲೇ ಉಳಿದುಹೋದ ಮಾತುಗಳನ್ನು, ನಿನ್ನ ಲೆಕ್ಕದ ಪುಸ್ತಕದ ಮೊದಲ ಹಾಳೆಗಳಲ್ಲಿ ಅಂಟಿಸಿಕೊಳ್ಳಲೆಂದು ಇಲ್ಲಿ ಬರೆದಿದ್ದೇನೆ. ಕೆಲವು ನಮ್ಮ ಹಳೆಯ ಗಾದೆಗಳು, ಉಳಿದವು ಗಣಿತ ಕಲಿಸುತ್ತಾ ನನಗೆ ಹೊಳೆದವು. ಕಲಿಯಲು ಹೆಣಗುವವರನ್ನು ಕಂಡು ನಗುವ ಗಾದೆಗಳೂ ನಮ್ಮಲ್ಲಿವೆ. ಅವನ್ನು ಬೇಕೆಂದೇ ಕೈಬಿಟ್ಟಿದ್ದೇನೆ.

ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ.
ನಿನ್ನ ಮೂರು ಪತ್ರಿಕೆಗಳ ಅಂಕಗಳು 19, 24 ಮತ್ತು 31. ಅಂಕಪಟ್ಟಿಯಲ್ಲಿ ಮೂರೂ ಬಾರಿ ಒಂದೇ ಪದ ಅಚ್ಚಾಗಿರುವುದರಿಂದ, ಮೂರೂ ಸಲ ಒಂದೇ ಕಡೆ ನಿಂತಿರುವೆನೆಂದು ನಿನಗೆ ಅನ್ನಿಸಿದೆ. ಆದರೆ 12 ಅಂಕಗಳನ್ನು ನೀನು ಈಗಾಗಲೇ ಕೂಡಿಸಿಕೊಂಡಿದ್ದೀಯೆ. ತೇರ್ಗಡೆಯ 35ಕ್ಕೆ ಉಳಿದಿರುವುದು 4 ಮಾತ್ರ.

ಅಂಕ ಅಳೆಯುವುದು ಮೂರು ಗಂಟೆಯ ಬರಹವನ್ನು, ಬರೆದವಳನ್ನಲ್ಲ.

ಉತ್ತರ ತಪ್ಪಿದ ಲೆಕ್ಕದಲ್ಲಿಯೂ ಸರಿಯಾದ ಸಾಲುಗಳಿರುತ್ತವೆ.
ಯಾವ ನಕ್ಷೆಯಲ್ಲಾದರೂ ನೆರೆಹೊರೆಯ ಪ್ರದೇಶಗಳಿಗೆ ಬೇರೆ ಬೇರೆ ಬಣ್ಣ ಬಳಿಯಲು ನಾಲ್ಕೇ ಬಣ್ಣಗಳು ಸಾಕೆಂದು 1879ರಲ್ಲಿ ಆಲ್ಫ್ರೆಡ್ ಕೆಂಪ್ ಸಾಧನೆಯೊಂದನ್ನು ಪ್ರಕಟಿಸಿದರು. ಅದರಲ್ಲಿ ದೋಷವಿದೆಯೆಂದು 1890ರಲ್ಲಿ ಪರ್ಸಿ ಹೀವುಡ್ ತೋರಿಸಿಕೊಟ್ಟರು. ಆದರೆ ಹೀವುಡ್ ಅದನ್ನು ಎಸೆದುಬಿಡಲಿಲ್ಲ. ಕೆಂಪ್ ಅವರ ವಿಧಾನವನ್ನೇ ಬಳಸಿ ಐದು ಬಣ್ಣಗಳು ಖಂಡಿತ ಸಾಕೆಂದು ಸಾಧಿಸಿದರು. 1976ರಲ್ಲಿ ಆಪೆಲ್ ಮತ್ತು ಹಾಕೆನ್ ಕಂಪ್ಯೂಟರ್ ನೆರವಿನಿಂದ ನಾಲ್ಕು ಬಣ್ಣಗಳ ಪ್ರಮೇಯವನ್ನು ಕೊನೆಗೂ ಸಾಧಿಸಿದಾಗ, ಅವರ ದಾರಿಯೂ ಕೆಂಪ್ ಅವರ ಆಲೋಚನೆಯಿಂದಲೇ ಬೆಳೆದದ್ದಾಗಿತ್ತು. ಈಗ ನಿನ್ನ ಉತ್ತರ ಪತ್ರಿಕೆಯನ್ನು ನೋಡು. 2x² − 7x + 3 = 0 ಎಂಬ ಸಮೀಕರಣಕ್ಕೆ ನೀನು ಸೂತ್ರವನ್ನು ಸರಿಯಾಗಿ ಬರೆದಿದ್ದೀಯೆ, 49 − 24 = 25 ಎಂಬುದನ್ನೂ ಸರಿಯಾಗಿ ಕಂಡುಕೊಂಡಿದ್ದೀಯೆ; −b ಎಂಬಲ್ಲಿ 7 ಬರುವ ಬದಲು −7 ಎಂದು ಬರೆದದ್ದರಿಂದ 3 ಮತ್ತು 1/2 ಎಂಬ ಮೂಲಗಳು −1/2 ಮತ್ತು −3 ಆಗಿಬಿಟ್ಟವು. ಅಲ್ಲಿ ತಪ್ಪಿದ್ದು ಒಂದು ಚಿಹ್ನೆ. ಅದನ್ನು "ನನಗೆ ಗಣಿತವೇ ಬರುವುದಿಲ್ಲ" ಎಂದು ಓದಿಕೊಳ್ಳಬೇಡ.

ಎಡವಿದ ಕಲ್ಲನ್ನು ಗುರುತಿಟ್ಟುಕೊಂಡವಳಿಗೆ ಅದೇ ಮೈಲಿಗಲ್ಲು.

ತಾಳಿದವನು ಬಾಳಿಯಾನು.
ತಾಳುವುದೆಂದರೆ ಕೈಕಟ್ಟಿ ಕಾಯುವುದೆಂದು ಹಲವರು ತಿಳಿದಿದ್ದಾರೆ. ನಾನು ಹಾಗೆ ಒಪ್ಪುವುದಿಲ್ಲ. ಏಳು ವರ್ಷ ಹೆಚ್ಚುಕಡಿಮೆ ಗುಟ್ಟಾಗಿ ದುಡಿದ ಆಂಡ್ರ್ಯೂ ವೈಲ್ಸ್, ಫರ್ಮಾನ ಕೊನೆಯ ಪ್ರಮೇಯದ ಸಾಧನೆಯನ್ನು 1993ರ ಜೂನ್‌ನಲ್ಲಿ ಪ್ರಕಟಪಡಿಸಿದ ಮೇಲೆ ಅದರಲ್ಲಿ ಒಂದು ಕೊರತೆ ಕಂಡುಬಂತು. ಇಡೀ ಜಗತ್ತಿನ ಗಣಿತಜ್ಞರು ನೋಡುತ್ತಿರುವಾಗಲೇ ಅವರು ಮತ್ತೆ ಮೇಜಿನ ಮುಂದೆ ಕುಳಿತು, 1994ರ ಸೆಪ್ಟೆಂಬರ್‌ನಲ್ಲಿ ಅದನ್ನು ಸರಿಪಡಿಸುವ ದಾರಿಯನ್ನು ಕಂಡುಕೊಂಡರು. ಅವರು ತಾಳಿದ್ದು ಆ ಒಂದೇ ಜಾಗವನ್ನು ಮತ್ತೆ ಮತ್ತೆ ನೋಡುತ್ತಾ. ನಿನ್ನಿಂದ ನಾನು ಬಯಸುವ ತಾಳ್ಮೆಯೂ ಅಂಥದ್ದೇ: ಎಲ್ಲ ಪಾಠಗಳನ್ನೂ ಮೊದಲಿನಿಂದ ಓದುವ ಧಾವಂತ ಬೇಡ, ಸಿಕ್ಕುಬೀಳುವ ಜಾಗದಲ್ಲಿ ಹೆಚ್ಚು ಹೊತ್ತು ನಿಲ್ಲು.

ಹಾಡುತ್ತಾ ಹಾಡುತ್ತಾ ರಾಗ.
ಇನ್ನೊಬ್ಬರು ಹಾಡಿದ್ದನ್ನು ಕೇಳುತ್ತಾ ಕುಳಿತರೆ ರಾಗ ನಮ್ಮ ಗಂಟಲಿಗೆ ಇಳಿಯುವುದಿಲ್ಲ. ಬಿಡಿಸಿಟ್ಟ ಲೆಕ್ಕವನ್ನು ಓದುವಾಗ ಪ್ರತಿ ಸಾಲೂ ಅರ್ಥವಾದಂತೆ ತೋರುತ್ತದೆ, ಪುಸ್ತಕ ಮುಚ್ಚಿದ ಕೂಡಲೇ ಎರಡನೆಯ ಸಾಲಿಗೆ ಕೈ ನಿಲ್ಲುತ್ತದೆ. ಇದು ನಿನಗೊಬ್ಬಳಿಗೇ ಆಗುವುದಲ್ಲ, ಎಲ್ಲರಿಗೂ ಆಗುವುದೇ. ಕೈ ನಿಂತ ಆ ಸಾಲಿನಿಂದಲೇ ನಿಜವಾದ ಕಲಿಕೆ ಶುರುವಾಗುತ್ತದೆ.

ಅಳು ಬಂದ ದಿನ ಅತ್ತುಬಿಡು. ಮರುದಿನಕ್ಕೆ ಒಂದೇ ಒಂದು ಲೆಕ್ಕವನ್ನು ಎತ್ತಿಟ್ಟುಕೋ.

ಜೊತೆಯವರ ನಡಿಗೆಗೆ ನಿನ್ನ ಹೆಜ್ಜೆಯನ್ನು ಭಾಗಿಸಬೇಡ.
ನಿನ್ನ ಗೆಳತಿಯರು ಮುಂದಿನ ತರಗತಿಯಲ್ಲಿದ್ದಾರೆಂಬ ನೋವು ನನಗೆ ತಿಳಿಯದ್ದೇನಲ್ಲ, ಅದನ್ನು ಮರೆತುಬಿಡು ಎಂದು ಹೇಳಲೂ ಬಾಯಿ ಬರುವುದಿಲ್ಲ. ಆದರೆ ಲೆಕ್ಕದ ಎದುರು ಕುಳಿತ ಹೊತ್ತಿನಲ್ಲಿ ಆ ಹೋಲಿಕೆ ನಿನ್ನ ಗಮನವನ್ನೇ ಕಸಿದುಕೊಳ್ಳುತ್ತದೆ.

ಮುಂದಿನ ಪರೀಕ್ಷೆಗೆ ಇನ್ನು 11 ವಾರಗಳಿವೆ. ಭಾನುವಾರ ಬೆಳಿಗ್ಗೆ ಮೂರನೆಯ ಉತ್ತರ ಪತ್ರಿಕೆಯನ್ನು ತೆಗೆದುಕೊಂಡು ಬಾ. ಚಿಹ್ನೆ ತಪ್ಪಿದ ಲೆಕ್ಕಗಳನ್ನು ಇಬ್ಬರೂ ಕುಳಿತು ಹುಡುಕೋಣ, ಆ 4 ಅಂಕಗಳಲ್ಲಿ ಎಷ್ಟು ಅಲ್ಲೇ ಅಡಗಿವೆಯೆಂದು ನೋಡೋಣ.