ಒಡೆದು ಬಂದ ವಾಶ್ ಬೇಸಿನ್ ಬದಲಿಸಿಕೊಡಲು ಕೋರಿ ಪತ್ರ

ದಿನಾಂಕ: 14 ನವೆಂಬರ್ 2025
ನಿಟುವಳ್ಳಿ, ದಾವಣಗೆರೆ

ಗೆ,
ಮಾಲೀಕರು,
ಸ್ಯಾನಿಟರಿವೇರ್ ಮತ್ತು ಟೈಲ್ಸ್ ಅಂಗಡಿ,
ಪಿ.ಬಿ. ರಸ್ತೆ, ದಾವಣಗೆರೆ

ವಿಷಯ: ಬಿಲ್ ನಂಬರ್ 1147ರಲ್ಲಿ ಕೊಂಡ ಐವರಿ ಬಣ್ಣದ ವಾಶ್ ಬೇಸಿನ್ ಬಿರುಕು ಬಿಟ್ಟು ಬಂದಿದ್ದು, ಬೇರೆ ಬೇಸಿನ್ ಕೊಡುವ ಬಗ್ಗೆ.

ಮಾಲೀಕರಿಗೆ ನಮಸ್ಕಾರ.

ನವೆಂಬರ್ 8ರ ಶನಿವಾರ ನಾನೂ ನಮ್ಮ ಯಜಮಾನರೂ ನಿಮ್ಮ ಅಂಗಡಿಗೆ ಬಂದು ಹೊಸ ಮನೆಗೆ ಕಮೋಡ್, ಬೇಸಿನ್, ನಲ್ಲಿಗಳು ಎಲ್ಲ ಸೇರಿ ₹38,640ರ ಸಾಮಾನು ತೆಗೆದುಕೊಂಡೆವು. ಪೂರ್ತಿ ಹಣ ಅವತ್ತೇ ಕೊಟ್ಟಿದ್ದೇವೆ. ಅದರಲ್ಲಿ 22 ಇಂಚು ಅಗಲ, 16 ಇಂಚಿನ ಗೋಡೆ ಬೇಸಿನ್ ಮತ್ತು ಅದರ ಅರ್ಧ ಪೆಡಸ್ಟಲ್ ₹4,850. ಉಳಿದ ಸಾಮಾನಿನ ಬಗ್ಗೆ ತಕರಾರಿಲ್ಲ, ಎಲ್ಲ ಚೆನ್ನಾಗಿ ಬಂದಿವೆ. ಬೇಸಿನ್ ಮಾತ್ರ ಒಡೆದು ಬಂದಿದೆ.

ಸೋಮವಾರ, 10ನೇ ತಾರೀಖು ಸಂಜೆ ಆರೂವರೆ ಹೊತ್ತಿಗೆ ನಿಮ್ಮ ಲಗೇಜ್ ಆಟೋ ಬಂತು. ಹೊಸ ಮನೆಗೆ ಇನ್ನೂ ಕರೆಂಟ್ ಕೊಟ್ಟಿಲ್ಲ. ಕತ್ತಲಾಗಿತ್ತು. ಬಾಕ್ಸ್ ಬಿಚ್ಚಿ ನೋಡ್ತೀನಿ ಅಂದೆ. ಇನ್ನೂ ಎರಡು ಕಡೆ ಮಾಲು ಇಳಿಸಬೇಕು, ನಾಳೆ ನೋಡ್ಕೊಳ್ಳಿ ಅಮ್ಮ, ಏನಾದ್ರೂ ಇದ್ದರೆ ಅಂಗಡಿಗೆ ಒಂದು ಫೋನ್ ಮಾಡಿ ಅಂದರು ಡ್ರೈವರ್. ಆ ಮಾತು ನಂಬಿ ಚಲನ್‌ಗೆ ಸಹಿ ಹಾಕಿದೆ. ಆದರೆ ಬೇಸಿನ್ ಬಾಕ್ಸಿನ ಒಂದು ಮೂಲೆ ಒಳಗೆ ನುಗ್ಗಿದ್ದನ್ನು ಮೊಬೈಲ್ ಬೆಳಕಿನಲ್ಲಿ ನೋಡಿ ಅವರಿಗೆ ತೋರಿಸಿದ್ದೆ. ಟೈಲ್ಸ್ ಬಾಕ್ಸುಗಳ ಕೆಳಗೆ ಅದನ್ನು ಇಟ್ಟು ತಂದಿದ್ದರು. ಆಗಲೇ ಒಂದು ಫೋಟೋ ತೆಗೆದುಕೊಂಡಿದ್ದೆ, ಅದೂ ಇದರ ಜೊತೆ ಇದೆ.

ಬುಧವಾರ ಬೆಳಿಗ್ಗೆ ಪ್ಲಂಬರ್ ಬಂದರು. ಗೋಡೆಗೆ ಡ್ರಿಲ್ ಮಾಡುವ ಮುಂಚೆ ಬೇಸಿನ್ ಬಿಚ್ಚಿ ನೆಲದ ಮೇಲೆ ಗೋಣಿಚೀಲ ಹಾಸಿ ಇಟ್ಟು ಬೆರಳಿನಿಂದ ತಟ್ಟಿದರು. ಒಳ್ಳೆಯ ಬೇಸಿನ್ ಆದರೆ ಗಂಟೆಯ ಹಾಗೆ ಟಣ್ ಅನ್ನಬೇಕು, ಇದು ಡಬ್ ಅಂತಿದೆ ಅಂದರು. ಪಕ್ಕದಲ್ಲಿದ್ದ ಪೆಡಸ್ಟಲ್ ತಟ್ಟಿದಾಗ ಆ ವ್ಯತ್ಯಾಸ ನನ್ನ ಕಿವಿಗೇ ಗೊತ್ತಾಯಿತು. ಬೆಳಕಿಗೆ ತಿರುಗಿಸಿ ನೋಡಿದರೆ ಹಿಂದಿನ ಬಲ ಮೂಲೆಯ ಅಂಚಿನಿಂದ ಕೂದಲೆಳೆಯಂಥ ಗೆರೆ ಹೊರಟು ಬೋಗುಣಿಯ ಒಳಗೆ ಸುಮಾರು ಆರು ಇಂಚು ಇಳಿದಿದೆ. ಬಾಕ್ಸಿನ ನುಗ್ಗಿದ ಮೂಲೆ ಎಲ್ಲಿತ್ತೋ ಗೆರೆಯೂ ಅಲ್ಲಿಂದಲೇ ಶುರು. ಒಳಗಿನ ಥರ್ಮಾಕೋಲ್ ಕೂಡ ಆ ಮೂಲೆಯಲ್ಲೇ ಪುಡಿಯಾಗಿದೆ.

ಮೇಲಿನ ಹೊಳಪಿನಲ್ಲಿ ಮಾತ್ರ ಗೀರು ಇರಬಹುದೇನೋ ಅಂತ ನಾನೇ ಮೊದಲು ಅಂದುಕೊಂಡೆ. ಅದಕ್ಕೇ ಇಂಕ್ ಹಚ್ಚಿ ಒರೆಸಿದೆವು. ಸುತ್ತಲೂ ಬಿಳುಪಾಯಿತು, ಗೆರೆಯಲ್ಲಿ ನೀಲಿ ಉಳಿಯಿತು. ಆಮೇಲೆ ವೇಸ್ಟ್ ತೂತಿಗೆ ಬಟ್ಟೆ ಬಿಗಿಯಾಗಿ ತುರುಕಿ ಗೆರೆ ಮುಳುಗುವಷ್ಟು ನೀರು ಹಾಕಿ ಇಟ್ಟೆವು. ಅರ್ಧ ಗಂಟೆಗೆ ತಳಭಾಗದಲ್ಲಿ, ಗೆರೆ ಇರುವ ಜಾಗದಲ್ಲೇ ಒದ್ದೆ ಕಂಡಿತು. ಅಂದರೆ ಬಿರುಕು ಒಳಗಿನಿಂದ ಹೊರಗಿನವರೆಗೂ ಹೋಗಿದೆ.

ಅವತ್ತೇ ಹನ್ನೊಂದು ಗಂಟೆಗೆ ಅಂಗಡಿಗೆ ಫೋನ್ ಮಾಡಿದೆ. ಫೋನ್ ತೆಗೆದುಕೊಂಡವರು ಮೂರು ಮಾತು ಹೇಳಿದರು. ಚಲನ್‌ಗೆ ಸಹಿ ಆಗಿದೆ, ಫಿಟ್ ಮಾಡುವಾಗ ನಿಮ್ಮ ಪ್ಲಂಬರೇ ಒಡೆದಿರಬೇಕು, ಬೇಕಾದರೆ ₹300 ಕಡಿಮೆ ಮಾಡ್ತೀವಿ, ವೈಟ್ ಸಿಮೆಂಟ್ ಮೆತ್ತಿ ಹಾಕಿಕೊಳ್ಳಿ ಅಂದರು. ಈ ಮಾತುಗಳು ನಿಮ್ಮ ತನಕ ಬಂದಿವೆಯೋ ಇಲ್ಲವೋ, ಅದಕ್ಕೇ ನಿಮಗೆ ನೇರವಾಗಿ ಬರೆಯುತ್ತಿದ್ದೇನೆ.

ಸಹಿ ಹಾಕಿದ್ದು ಬಾಕ್ಸ್ ತಲುಪಿತು ಅನ್ನುವುದಕ್ಕೆ. ಒಳಗಿನ ಮಾಲು ಸರಿ ಇದೆ ಅಂತ ನಾನು ಎಲ್ಲೂ ಬರೆದುಕೊಟ್ಟಿಲ್ಲ. ಇನ್ನು ಫಿಟ್ ಮಾಡುವಾಗ ಒಡೆಯಿತು ಅನ್ನುವುದು ಆಗದ ಮಾತು, ಯಾಕೆಂದರೆ ಬೇಸಿನ್ ಫಿಟ್ ಮಾಡಿಯೇ ಇಲ್ಲ. ನಟ್ ಜಾಸ್ತಿ ಬಿಗಿದು ಒಡೆದರೆ ಬಿರುಕು ನಲ್ಲಿ ತೂತಿನಿಂದಲೋ ವೇಸ್ಟ್ ತೂತಿನಿಂದಲೋ ಹೊರಡುತ್ತದೆ. ನಮ್ಮದರಲ್ಲಿ ಅಂಚಿನಿಂದ ಹೊರಟಿದೆ. ಎರಡೂ ತೂತಿನ ಸುತ್ತ ವಾಶರ್ ಕೂತ ಗುರುತು ಕೂಡ ಇಲ್ಲ. ಗೋಡೆಯಲ್ಲಿ ಬೋಲ್ಟಿನ ತೂತೂ ಬಿದ್ದಿಲ್ಲ. ಯಾರನ್ನಾದರೂ ಕಳಿಸಿ, ಬಂದು ನೋಡಲಿ.

ಸಿಮೆಂಟ್ ಮೆತ್ತಿಕೊಳ್ಳಿ ಅಂದ ಮಾತು ನನಗೆ ತುಂಬಾ ಬೇಜಾರು ಮಾಡಿತು. ಈ ಬೇಸಿನ್ ಹಾಕಿಸುತ್ತಿರುವುದು ಕೆಳಗಿನ ಮನೆಯಲ್ಲಿ ನಮ್ಮ ಅತ್ತೆಯವರಿಗೆ. ಅವರಿಗೆ 74 ವರ್ಷ. ಮಂಡಿ ನೋವು ಜಾಸ್ತಿ. ಮುಖ ತೊಳೆಯುವಾಗ ಒಂದು ಕೈ ಊರಿ, ಮೈಭಾರ ಎಲ್ಲ ಬೇಸಿನ್ ಅಂಚಿನ ಮೇಲೆ ಹಾಕಿಯೇ ನಿಲ್ಲುತ್ತಾರೆ. ಅವರಿಗೆ ಬಗ್ಗಲು ಆಗುವುದಿಲ್ಲ ಅಂತ ಎತ್ತರ ಅಳೆದು, ಗಟ್ಟಿ ಅಂಚಿನದೇ ಬೇಕು ಅಂತ ನಿಮ್ಮ ಅಂಗಡಿಯಲ್ಲಿ ಅರ್ಧ ಗಂಟೆ ನಿಂತು ಇದನ್ನು ಆರಿಸಿದ್ದೆವು. ಬಿರುಕು ಬಿಟ್ಟ ಪಿಂಗಾಣಿ ಹಾಗೇ ನಿಲ್ಲುವುದಿಲ್ಲ. ಬಿಸಿನೀರು, ತಣ್ಣೀರು ಬೀಳುತ್ತಾ, ಭಾರ ಬೀಳುತ್ತಾ ಗೆರೆ ಬೆಳೆಯುತ್ತದೆ. ಒಂದು ದಿನ ತುಂಡಾಗಿ ಬಿದ್ದರೆ ಅದರ ಅಂಚು ಗಾಜಿನಷ್ಟೇ ಹರಿತ. ಮೇಲೆ ಮೆತ್ತಿದ ಸಿಮೆಂಟು ಗೆರೆಯನ್ನು ಮುಚ್ಚಬಹುದು, ಆದರೆ ಭಾರ ತಡೆಯುವುದಿಲ್ಲ. ₹300 ಅಲ್ಲ, ಪುಕ್ಕಟೆ ಕೊಟ್ಟರೂ ಆ ಬೇಸಿನ್ ಮುಂದೆ ಅತ್ತೆಯವರನ್ನು ನಿಲ್ಲಿಸಲು ನನಗೆ ಮನಸ್ಸು ಬರುವುದಿಲ್ಲ.

ನಾವು ಹೊಸಬರೇನಲ್ಲ. 2009ರಲ್ಲಿ ಹಳೆಯ ಮನೆಗೆ ನಿಮ್ಮಲ್ಲೇ ಸಾಮಾನು ತಂದಿದ್ದೆವು, ಆಗ ಗಲ್ಲಾದಲ್ಲಿ ನಿಮ್ಮ ತಂದೆಯವರು ಕೂರುತ್ತಿದ್ದರು. ಒಂದು ನಲ್ಲಿಯ ತಿರುಪು ಸರಿ ಕೂರಲಿಲ್ಲ ಅಂತ ತಂದಾಗ ಅವರು ಒಂದು ಮಾತೂ ಕೇಳದೆ ಬೇರೆ ಕೊಟ್ಟು ಕಳಿಸಿದ್ದರು. ಆ ನೆನಪಿನಿಂದಲೇ ಈ ಸಲವೂ ಬೇರೆ ಅಂಗಡಿಗೆ ಹೋಗಲಿಲ್ಲ.

ನಾನು ಕೇಳುವುದು ಇಷ್ಟು. ಅದೇ ಮಾಡೆಲ್, ಅದೇ ಅಳತೆ, ಅದೇ ಐವರಿ ಬಣ್ಣದ ಹೊಸ ಬೇಸಿನ್ ನಿಮ್ಮ ಗಾಡಿಯಲ್ಲೇ ಕಳಿಸಿ, ಒಡೆದದ್ದನ್ನು ಅದೇ ಗಾಡಿಯಲ್ಲಿ ತೆಗೆದುಕೊಂಡು ಹೋಗಿ. ಗಾಡಿ ಬಾಡಿಗೆ ನಾವು ಕೊಡುವುದಿಲ್ಲ. ಐವರಿ ಒಂದೊಂದು ಲಾಟ್‌ನಲ್ಲಿ ಒಂದೊಂದು ಛಾಯೆ ಬರುತ್ತದೆ, ಹಾಗಾಗಿ ಬಣ್ಣ ಹೊಂದದಿದ್ದರೆ ಪೆಡಸ್ಟಲ್ ಕೂಡ ಬದಲಿಸಿಕೊಡಬೇಕು. ಸ್ಟಾಕ್ ಇಲ್ಲದಿದ್ದರೆ ಎರಡರ ಹಣ ₹4,850 ವಾಪಸ್ ಕೊಡಿ, ಬೇರೆ ಕಡೆ ನೋಡಿಕೊಳ್ಳುತ್ತೇವೆ. ಬುಧವಾರ ಪ್ಲಂಬರ್ ಬಂದು ಸುಮ್ನೆ ವಾಪಸ್ ಹೋದ ಕೂಲಿ ₹900 ನಾವೇ ಕೊಟ್ಟಿದ್ದೇವೆ, ಅದನ್ನು ನಿಮ್ಮ ಹತ್ತಿರ ಕೇಳುವುದಿಲ್ಲ.

19ನೇ ತಾರೀಖು ಬುಧವಾರದ ಒಳಗೆ ಬೇಸಿನ್ ಬರಬೇಕು. ಪ್ಲಂಬರ್ ಹರಿಹರದ ಕೆಲಸ ಮುಗಿಸಿ 20ಕ್ಕೆ ನಮ್ಮ ಮನೆಗೆ ಬರುತ್ತಾರೆ. 28ರ ಶುಕ್ರವಾರ ಗೃಹಪ್ರವೇಶ.

ಬಿಲ್ಲಿನ ಕೆಳಗೆ ‘ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ’ ಅಂತ ಅಚ್ಚಾಗಿದೆ. ಬಣ್ಣ ಇಷ್ಟವಾಗಲಿಲ್ಲ ಅಂತ ನಾನು ವಾಪಸ್ ತಂದಿದ್ದರೆ ಆ ಮಾತು ಒಪ್ಪುತ್ತಿದ್ದೆ. ಇದು ದೋಷ ಇರುವ ಮಾಲು. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ಇಂಥ ಮಾಲನ್ನು ವಾಪಸ್ ತೆಗೆದುಕೊಂಡು ಹಣ ಕೊಡಲು ಒಪ್ಪದಿದ್ದರೆ ಅದು ಅನುಚಿತ ವ್ಯಾಪಾರ ಪದ್ಧತಿ ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ಬೇಸಿನ್ ಬಂದು ಇವತ್ತಿಗೆ ನಾಲ್ಕು ದಿನ. 19ರ ಒಳಗೆ ಏನೂ ಆಗದಿದ್ದರೆ 1915ಕ್ಕೆ ಫೋನ್ ಮಾಡಿ ದೂರು ಬರೆಸುತ್ತೇನೆ, ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಅಲ್ಲಿಯ ತನಕ ಹೋಗುವುದು ನನಗೂ ಇಷ್ಟವಿಲ್ಲ.

ಬೇಸಿನ್, ಬಾಕ್ಸ್, ಪುಡಿಯಾದ ಥರ್ಮಾಕೋಲ್ ಎಲ್ಲ ಬಂದಿದ್ದ ಹಾಗೇ ಎತ್ತಿಟ್ಟಿದ್ದೇನೆ. ಬಿಲ್ ಮತ್ತು ಚಲನ್ ಜೆರಾಕ್ಸ್, ಆರು ಫೋಟೋ ಈ ಪತ್ರದ ಜೊತೆ ಇವೆ. ಹೊಸದನ್ನು ಕಳಿಸುವಾಗ ಸಂಜೆ ಐದರ ಒಳಗೆ, ಬೆಳಕಿರುವಾಗ ಕಳಿಸಿ. ಈ ಸಲ ಬಾಗಿಲಲ್ಲೇ ಬಾಕ್ಸ್ ಬಿಚ್ಚಿ, ತಟ್ಟಿ ನೋಡಿ ಸಹಿ ಹಾಕುತ್ತೇನೆ, ಹತ್ತು ನಿಮಿಷ ನಿಲ್ಲಬೇಕು ಅಂತ ಡ್ರೈವರ್‌ಗೆ ಹೇಳಿಡಿ. ಮನೆಗೆ ಬೀಗ ಇರುತ್ತದೆ, ಹೊರಡುವ ಮುಂಚೆ ಬಿಲ್ಲಿನಲ್ಲಿರುವ ನನ್ನ ನಂಬರ್‌ಗೆ ಫೋನ್ ಮಾಡಿದರೆ ಬಂದು ತೆಗೆಯುತ್ತೇನೆ.

ಇಂತಿ,
ಸುಮಂಗಳಾ
ನಿಟುವಳ್ಳಿ, ದಾವಣಗೆರೆ